ಸರದಿ ನಿವೃತ್ತಿ: ಡೈರೆಕ್ಟರ್ ಕುರ್ಚಿಯ ತೀರ್ಮಾನ ಎಜಿಎಂನಲ್ಲೇ ಯಾಕೆ?

ಪ್ರಶ್ನೆ: ಅಪ್ಪ ಕೊಂಡಿದ್ದ ಒಂದು ಹಳೇ ಪಬ್ಲಿಕ್ ಲಿಮಿಟೆಡ್ ಕಂಪನಿಯ ಷೇರುಗಳು ಈಗ ನನ್ನ ಹೆಸರಿಗೆ ಬಂದಿವೆ. ಕಂಪನಿ ಷೇರುಪೇಟೆಯಲ್ಲಿ ಲಿಸ್ಟ್ ಆಗಿಲ್ಲ. ಪ್ರತಿ ವರ್ಷ ವಾರ್ಷಿಕ ಸಾಮಾನ್ಯ ಸಭೆಯ, ಅಂದರೆ ಎಜಿಎಂನ, ನೋಟಿಸಿನಲ್ಲಿ 'ಸರದಿಯಂತೆ ನಿವೃತ್ತರಾಗುತ್ತಿರುವ, ಅರ್ಹರಾದ್ದರಿಂದ ಮರುನೇಮಕ ಬಯಸಿರುವ' ಅಂತ ಇಬ್ಬರ ಹೆಸರು ಇರುತ್ತೆ. ಎರಡು ನಿಮಿಷದಲ್ಲಿ ಅವರೇ ಮತ್ತೆ ಡೈರೆಕ್ಟರ್. ಇದು ಸುಮ್ನೆ ಶಾಸ್ತ್ರಕ್ಕೆ ಮಾಡೋದಾ? ಮರುನೇಮಕವನ್ನು ಬೋರ್ಡೇ ಮಾಡಿಕೊಂಡರೆ ಆಗಲ್ವಾ? ನಾವು ಬೇಡ ಅಂದರೆ ನಿಜವಾಗಿ ಏನಾಗುತ್ತೆ?

ಉತ್ತರ: ಶಾಸ್ತ್ರವಲ್ಲ. ಅವರಿಬ್ಬರ ಅವಧಿ ಆ ಸಭೆಯಲ್ಲಿ ನಿಜವಾಗಿಯೇ ಮುಗಿಯುತ್ತದೆ. ನೀವೆಲ್ಲ ಮತ ಹಾಕಿ ಕೊಟ್ಟರೆ ಮಾತ್ರ ಅದೇ ಕುರ್ಚಿ ಅವರಿಗೆ ಮತ್ತೆ ಸಿಗುತ್ತದೆ. ಎಲ್ಲರೂ ಕೈ ಎತ್ತುವುದರಿಂದ ಅದು ಶಾಸ್ತ್ರದಂತೆ ಕಾಣುತ್ತದೆ, ಅಷ್ಟೇ. ಕೈ ಎತ್ತದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಇದೆ. ಆದರೆ ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡೋಣ. ಇಡೀ ವಿಷಯದ ಗಂಟು ಅಲ್ಲಿದೆ.

ಕಂಪನಿಯಲ್ಲಿ ಮ್ಯಾನೇಜರ್, ಸಿಇಒ, ಅಕೌಂಟೆಂಟ್ ಯಾರಾಗಬೇಕು ಅನ್ನುವುದನ್ನು ಬೋರ್ಡ್ ನೋಡಿಕೊಳ್ಳುತ್ತದೆ. ಬೋರ್ಡಿನಲ್ಲಿ ಯಾರಿರಬೇಕು ಅನ್ನುವುದು ಮಾತ್ರ ಷೇರುದಾರರ ಕೈಯಲ್ಲಿದೆ. ಮಧ್ಯದಲ್ಲಿ ಯಾರನ್ನಾದರೂ ಹೆಚ್ಚುವರಿ ಡೈರೆಕ್ಟರ್ ಆಗಿ ಸೇರಿಸಿಕೊಳ್ಳುವ ಅಧಿಕಾರ ಬೋರ್ಡಿಗೆ ಇರಬಹುದು. ಆದರೆ ಅದೂ ಮುಂದಿನ ಎಜಿಎಂವರೆಗೆ ಮಾತ್ರ. ಅಲ್ಲಿ ಷೇರುದಾರರು ಒಪ್ಪದಿದ್ದರೆ ಅವರು ಹೊರಗೆ. ಮರುನೇಮಕವನ್ನೂ ಬೋರ್ಡಿಗೇ ಬಿಟ್ಟರೆ ಏನಾಗುತ್ತದೆ? ಒಂಬತ್ತು ಜನ ಕೂತು, ಈ ವರ್ಷ ನನ್ನದಕ್ಕೆ ನೀನು ಹೂಂ ಅನ್ನು, ಮುಂದಿನ ವರ್ಷ ನಿನ್ನದಕ್ಕೆ ನಾನು ಅಂತಾರೆ. ಒಮ್ಮೆ ಒಳಗೆ ಹೋದವರು ತಾವಾಗಿ ಎದ್ದು ಬರುವವರೆಗೆ ಅಲ್ಲೇ ಇರುತ್ತಾರೆ. ಕಂಪನಿ ಕಾಯ್ದೆ 2013ರ 152ನೇ ಸೆಕ್ಷನ್ ಇದನ್ನು ತಡೆಯಲೆಂದೇ ಇದೆ. 1956ರ ಹಳೇ ಕಾಯ್ದೆಯಲ್ಲೂ ಇದೇ ನಿಯಮ 255 ಮತ್ತು 256ನೇ ಸೆಕ್ಷನ್ ಆಗಿ ಇತ್ತು.

ಸರಿ, ಷೇರುದಾರರೇ ತೀರ್ಮಾನಿಸಲಿ. ಅದಕ್ಕೆ ಎಜಿಎಂನೇ ಯಾಕೆ? ಬೇರೆ ಯಾವುದಾದರೂ ಸಭೆ ಆಗಲ್ವಾ? ಇಲ್ಲಿ ನೋಡಬೇಕಾದ್ದು, ಸಭೆ ಕರೆಯುವವರು ಯಾರು ಅನ್ನುವುದನ್ನು. ವಿಶೇಷ ಸಾಮಾನ್ಯ ಸಭೆ, ಅಂದರೆ ಇಜಿಎಂ, ಬೋರ್ಡ್ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಷೇರುದಾರರೇ ಕರೆಸಬೇಕಾದರೆ ಹತ್ತನೇ ಒಂದು ಪಾಲು ಮತಬಲ ಇರುವವರು ಸೇರಿ ಬರೆದುಕೊಡಬೇಕು. ಎಜಿಎಂ ಹಾಗಲ್ಲ. ಯಾರಿಗೆ ಇಷ್ಟವಿರಲಿ ಬಿಡಲಿ, ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ ನಡೆಯಲೇಬೇಕು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಕಂಪನಿಗೆ ಸೆಪ್ಟೆಂಬರ್ 30 ಕೊನೇ ದಿನ, ಕಂಪನಿಗಳ ರಿಜಿಸ್ಟ್ರಾರ್ ಅವಧಿ ವಿಸ್ತರಿಸಿದ್ದರೆ ಮಾತ್ರ ಅದರಾಚೆ. ಅಂದರೆ ಡೈರೆಕ್ಟರುಗಳು ತಪ್ಪಿಸಿಕೊಳ್ಳಲಾಗದ ಒಂದೇ ಒಂದು ಸಭೆ ಅದು. ಅದೇ ದಿನ ಆ ವರ್ಷದ ಲೆಕ್ಕಪತ್ರ, ಆಡಿಟರ್ ವರದಿ, ಡಿವಿಡೆಂಡ್ ಎಲ್ಲವೂ ನಿಮ್ಮ ಮುಂದೆ ಇರುತ್ತದೆ. ವರ್ಷದ ಕೆಲಸ ನೋಡಿದ ಕೂಡಲೇ, ಆ ಕೆಲಸ ಮಾಡಿದವರಲ್ಲಿ ಕೆಲವರನ್ನು ಇಟ್ಟುಕೊಳ್ಳಬೇಕಾ ಅಂತ ಕೇಳುತ್ತಾರೆ. ಲೆಕ್ಕಪತ್ರ, ಡಿವಿಡೆಂಡ್, ನಿವೃತ್ತರಾಗುವ ಡೈರೆಕ್ಟರ ಜಾಗಕ್ಕೆ ನೇಮಕ, ಆಡಿಟರ್ ನೇಮಕ, ಈ ನಾಲ್ಕನ್ನು ಕಾಯ್ದೆ ಎಜಿಎಂನ ಮಾಮೂಲಿ ಕಲಾಪ ಅಂತ ಕರೆಯುತ್ತದೆ. ಮಾಮೂಲಿ ಅನ್ನುವ ಪದ ನೋಡಿ ಹಗುರವಾಗಿ ತೆಗೆದುಕೊಳ್ಳಬೇಡಿ. ಮಾಮೂಲಿ ಕಲಾಪವನ್ನು ಅಂಚೆ ಮತದಾನದಲ್ಲಿ ಮುಗಿಸುವ ಹಾಗಿಲ್ಲ. ಸಭೆ ನಡೆಸಿ, ಪ್ರಶ್ನೆ ಕೇಳಲು ನಿಮಗೆ ಅವಕಾಶ ಕೊಟ್ಟೇ ಮುಗಿಸಬೇಕು.

ಇದರ ಬೆಲೆ ಗೊತ್ತಾಗಬೇಕಾದರೆ, ಡೈರೆಕ್ಟರನ್ನು ಅವಧಿಯ ಮಧ್ಯದಲ್ಲಿ ತೆಗೆಯುವುದು ಎಷ್ಟು ಕಷ್ಟ ಅಂತ ನೋಡಬೇಕು. ಅದಕ್ಕೂ ಸಾಮಾನ್ಯ ಬಹುಮತ ಸಾಕು, ನಿಜ. ಆದರೆ ಮೊದಲು ವಿಶೇಷ ನೋಟಿಸ್ ಕೊಡಬೇಕು. ಶೇಕಡಾ 1ರಷ್ಟು ಮತಬಲ ಅಥವಾ 5 ಲಕ್ಷ ರೂಪಾಯಿ ಪಾವತಿಯಾದ ಷೇರು ಇದ್ದವರಷ್ಟೇ ಕೊಡಬಹುದು. ಆ ಡೈರೆಕ್ಟರಿಗೆ ತಮ್ಮ ವಾದ ಹೇಳಿಕೊಳ್ಳುವ ಹಕ್ಕಿದೆ. ಇಷ್ಟಾದರೂ ಸಭೆ ನಡೆಯಬೇಕಲ್ಲ?

ಜೀ ಎಂಟರ್‌ಟೈನ್‌ಮೆಂಟ್ ಕಂಪನಿಯಲ್ಲಿ ನಡೆದದ್ದು ಇದಕ್ಕೆ ಸರಿಯಾದ ಉದಾಹರಣೆ. ನಮ್ಮ ಮನೆಗಳಲ್ಲಿ ನೋಡುವ ಜೀ ಕನ್ನಡದ ಮಾಲೀಕ ಕಂಪನಿ ಅದು. 2021ರ ಸೆಪ್ಟೆಂಬರಿನಲ್ಲಿ ಇನ್ವೆಸ್ಕೊ ಅನ್ನುವ ವಿದೇಶಿ ಹೂಡಿಕೆದಾರರ ಬಳಿ ಆ ಕಂಪನಿಯ ಸುಮಾರು ಶೇಕಡಾ 18 ಷೇರು ಇತ್ತು. ಎಂಡಿ ಪುನೀತ್ ಗೋಯೆಂಕಾ ಅವರನ್ನು ಬೋರ್ಡಿನಿಂದ ತೆಗೆಯಲು ಇಜಿಎಂ ಕರೆಯಿರಿ ಅಂತ ಅವರು ಬರೆದುಕೊಟ್ಟರು. ಬೇಕಾದದ್ದು ಶೇಕಡಾ 10, ಅವರ ಬಳಿ ಜಾಸ್ತಿಯೇ ಇತ್ತು. ಆದರೂ ಬೋರ್ಡ್ ಸಭೆ ಕರೆಯಲಿಲ್ಲ. ವಿಷಯ ಬಾಂಬೆ ಹೈಕೋರ್ಟಿಗೆ ಹೋಯಿತು. ಅಕ್ಟೋಬರಿನಲ್ಲಿ ಏಕಸದಸ್ಯ ಪೀಠ ಇನ್ವೆಸ್ಕೊ ವಿರುದ್ಧ ತಡೆ ಕೊಟ್ಟಿತು. 2022ರ ಮಾರ್ಚಿನಲ್ಲಿ ವಿಭಾಗೀಯ ಪೀಠ ಅದನ್ನು ತೆಗೆದುಹಾಕಿತು. ಅಷ್ಟು ಹೊತ್ತಿಗೆ ಆರು ತಿಂಗಳು ಕಳೆದಿತ್ತು. ಕೆಲವೇ ದಿನಗಳಲ್ಲಿ ಇನ್ವೆಸ್ಕೊ ತನ್ನ ಬೇಡಿಕೆಯನ್ನೇ ವಾಪಸ್ ತೆಗೆದುಕೊಂಡಿತು. ಷೇರುದಾರರ ಮತ ಒಂದೂ ಬೀಳಲೇ ಇಲ್ಲ.

ಈಗ 2024ರ ನವೆಂಬರಿಗೆ ಬನ್ನಿ. ಅದೇ ಕಂಪನಿ, ಅದೇ ವ್ಯಕ್ತಿ. ಎಜಿಎಂ ನೋಟಿಸಿನಲ್ಲಿ ಅವರ ಹೆಸರು ಸರದಿ ನಿವೃತ್ತಿಗೆ ಬಂದಿತ್ತು. ಸಭೆಗೆ ಕೆಲವು ದಿನ ಮೊದಲು ಅವರು ಎಂಡಿ ಹುದ್ದೆ ಬಿಟ್ಟು ಸಿಇಒ ಆಗಿ ಮಾತ್ರ ಉಳಿದರು. ಡೈರೆಕ್ಟರ್ ಆಗಿ ಮರುನೇಮಕದ ನಿರ್ಣಯ ಮಾತ್ರ ಮತಕ್ಕೆ ಬಂತು. ನವೆಂಬರ್ 28ರ ಸಭೆಯ ಮತ ಎಣಿಸಿದಾಗ ಪರವಾಗಿ ಸುಮಾರು ಶೇಕಡಾ 49.5, ವಿರುದ್ಧ ಶೇಕಡಾ 50ಕ್ಕಿಂತ ಸ್ವಲ್ಪ ಮೇಲೆ. ನಿರ್ಣಯ ಬಿತ್ತು. ಅವರು ಬೋರ್ಡಿನಿಂದ ಹೊರಬಂದರು, ಸಿಇಒ ಆಗಿ ಮುಂದುವರಿದರು. ಪ್ರವರ್ತಕ ಕುಟುಂಬದ ಕೈಯಲ್ಲಿದ್ದ ಷೇರು ಸುಮಾರು ಶೇಕಡಾ 4 ಮಾತ್ರ, ಹಾಗಾಗಿ ಉಳಿದವರ ಮತವೇ ತೀರ್ಮಾನ ಮಾಡಿತು.

ಈ ಎರಡೂ ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಬೇಡ ಅನ್ನುವವರು ಓಡಾಡಬೇಕಿತ್ತು: ಬರೆದುಕೊಡಬೇಕು, ಕೋರ್ಟಿಗೆ ಹೋಗಬೇಕು, ವಕೀಲರಿಗೆ ದುಡ್ಡು ಸುರಿಯಬೇಕು. ಎರಡನೆಯದರಲ್ಲಿ ಬೇಕು ಅನ್ನುವವರು ಬಹುಮತ ತರಬೇಕಿತ್ತು. ಬೇಡ ಅನ್ನುವವರು ಒಂದು ಬಟನ್ ಒತ್ತಿದರೆ ಸಾಕಿತ್ತು. ಕಂಪನಿ ಸೋತಿತು ಗೆದ್ದಿತು ಅನ್ನುವ ಮಾತು ಇಲ್ಲಿ ಬೇಡ. ಅವರು ಇರಬೇಕಿತ್ತೋ ಬೇಡವೋ ಅನ್ನುವುದನ್ನೂ ನಾನು ಹೇಳುತ್ತಿಲ್ಲ. ಹೊರೆ ಯಾರ ಹೆಗಲ ಮೇಲೆ ಬೀಳುತ್ತದೆ ಅನ್ನುವುದು ಮುಖ್ಯ. ಸರದಿ ನಿವೃತ್ತಿ ಆ ಹೊರೆಯನ್ನು ಷೇರುದಾರರ ಮೇಲಿಂದ ಇಳಿಸಿ ಡೈರೆಕ್ಟರ ಮೇಲೆ ಇಡುತ್ತದೆ. ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಬೆಲೆಬಾಳುವುದು ಅನ್ನಿಸುವುದು ಇದೇ.

ಇನ್ನು ನಿಮ್ಮ ಕಂಪನಿಯ ಲೆಕ್ಕ. ಪ್ರತಿ ವರ್ಷ ಇಬ್ಬರೇ ಯಾಕೆ ಅಂತ ನಿಮಗೆ ಅನ್ನಿಸಿರಬಹುದು. ನಿಮ್ಮ ಬೋರ್ಡಿನಲ್ಲಿ ಒಂಬತ್ತು ಜನ ಇದ್ದಾರೆ, ಅದರಲ್ಲಿ ಇಬ್ಬರು ಸ್ವತಂತ್ರ ನಿರ್ದೇಶಕರು, ಅಂದರೆ ಕಂಪನಿ ನಡೆಸುವವರ ಜೊತೆ ನಂಟಿಲ್ಲದ ಹೊರಗಿನವರು, ಅಂತ ಇಟ್ಟುಕೊಳ್ಳಿ. ಸ್ವತಂತ್ರ ನಿರ್ದೇಶಕರನ್ನು ಮೊದಲೇ ಪಕ್ಕಕ್ಕೆ ತೆಗೆಯಬೇಕು. ಅವರದು ಬೇರೆ ದಾರಿ: ಗರಿಷ್ಠ ಐದು ವರ್ಷದ ಒಂದು ಅವಧಿ, ಎರಡನೇ ಅವಧಿಗೆ ಮುಕ್ಕಾಲು ಪಾಲು ಮತ ಬೇಕಾದ ವಿಶೇಷ ನಿರ್ಣಯ. ಉಳಿದವರು ಏಳು. ಇದರಲ್ಲಿ ಕನಿಷ್ಠ ಮೂರನೇ ಎರಡು ಭಾಗದವರು ಸರದಿಗೆ ಒಳಪಟ್ಟಿರಬೇಕು. ಏಳರ ಮೂರನೇ ಎರಡು ಅಂದರೆ 4.67. 'ಕನಿಷ್ಠ' ಅಂತ ಇರುವುದರಿಂದ ನಾಲ್ಕು ಸಾಲದು, ಐದು ಬೇಕು. ಹಾಗಾಗಿ ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್‌ನಲ್ಲಿ ಏನೇ ಬರೆದಿದ್ದರೂ ಇಬ್ಬರಿಗಿಂತ ಜಾಸ್ತಿ ಜನ ಸರದಿಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಸ್ಥಾಪಕರ ಮನೆಯ ನಾಲ್ವರನ್ನು 'ಕಾಯಂ ಡೈರೆಕ್ಟರ್' ಅಂತ ಬರೆದುಕೊಂಡಿರುವ ಹಳೇ ಕಂಪನಿಗಳು ಇರುತ್ತವೆ. ಏಳು ಜನರ ಲೆಕ್ಕದಲ್ಲಿ ಆ ಬರಹ ಇಬ್ಬರಿಗೆ ಮಾತ್ರ ನಡೆಯುತ್ತದೆ.

ಆ ಐವರಲ್ಲಿ ಪ್ರತಿ ಎಜಿಎಂನಲ್ಲಿ ಮೂರನೇ ಒಂದು ಭಾಗ ನಿವೃತ್ತರಾಗಬೇಕು. 1.67ಕ್ಕೆ ಹತ್ತಿರದ ಸಂಖ್ಯೆ ಎರಡು. ಇದೇ ನಿಮ್ಮ ನೋಟಿಸಿನ ಇಬ್ಬರು. ಇಲ್ಲಿ ಗಮನಿಸಿ, ಮೊದಲ ಲೆಕ್ಕದಲ್ಲಿ ಮೇಲಕ್ಕೆ ಏರಿಸಬೇಕು, ಎರಡನೆಯದರಲ್ಲಿ ಹತ್ತಿರದ ಸಂಖ್ಯೆ ಹಿಡಿಯಬೇಕು. ಸರದಿಗೆ ಒಳಪಟ್ಟವರು ನಾಲ್ವರಿದ್ದರೆ 1.33 ಬರುತ್ತಿತ್ತು, ಒಬ್ಬರೇ ನಿವೃತ್ತರಾಗುತ್ತಿದ್ದರು. ಸರದಿಯವರು ಇಬ್ಬರೇ ಇದ್ದರೆ 0.67, ಆಗಲೂ ಒಬ್ಬರು. ನಮ್ಮ ಇನ್ಫೋಸಿಸ್‌ನಲ್ಲಿ ಹೀಗೇ ಆಗುತ್ತದೆ. ಬೋರ್ಡಿನ ಬಹುತೇಕರು ಸ್ವತಂತ್ರ ನಿರ್ದೇಶಕರಾದ್ದರಿಂದ ಸರದಿಗೆ ಉಳಿಯುವುದು ಇಬ್ಬರು. 2023ರ ಎಜಿಎಂನಲ್ಲಿ ಸಲೀಲ್ ಪಾರೇಖ್ ಅವರ ಹೆಸರು, 2024ರಲ್ಲಿ ನಂದನ್ ನಿಲೇಕಣಿ ಅವರ ಹೆಸರು ಮತಕ್ಕೆ ಬಂತು. ಒಂದು ವರ್ಷ ಇವರು, ಒಂದು ವರ್ಷ ಅವರು.

ಯಾವ ಇಬ್ಬರು ಅನ್ನುವುದನ್ನು ಕೂಡ ಅಧ್ಯಕ್ಷರು ಮನಸ್ಸಿಗೆ ಬಂದಂತೆ ಆರಿಸುವ ಹಾಗಿಲ್ಲ. ಕೊನೇ ಬಾರಿ ನೇಮಕವಾದ ಮೇಲೆ ಯಾರು ಹೆಚ್ಚು ಕಾಲ ಕೂತಿದ್ದಾರೋ ಅವರು ಮೊದಲು. ನಿಮ್ಮ ಐವರನ್ನು ಒಂದರಿಂದ ಐದರವರೆಗೆ ಎಣಿಸೋಣ. 2023ರಲ್ಲಿ ಒಂದನೆಯವರು ಮತ್ತು ಎರಡನೆಯವರು ಮರುನೇಮಕ ಆದರು. 2024ರಲ್ಲಿ ಮೂರು ಮತ್ತು ನಾಲ್ಕನೆಯವರು. 2025ರಲ್ಲಿ ಐದನೆಯವರದು ಎಲ್ಲರಿಗಿಂತ ಹಳೆಯ ನೇಮಕ, ಹಾಗಾಗಿ ಅವರ ಸರದಿ ಖಚಿತ. ಜೊತೆಗೆ ಒಂದನೆಯವರು ಅಥವಾ ಎರಡನೆಯವರು ಬರಬೇಕು. ಇಬ್ಬರದೂ ಒಂದೇ ದಿನದ ನೇಮಕ. ಅವರು ತಮ್ಮಲ್ಲೇ ಒಪ್ಪಂದ ಮಾಡಿಕೊಂಡರೆ ಸರಿ, ಇಲ್ಲದಿದ್ದರೆ ಚೀಟಿ ಎತ್ತಬೇಕು. ಚೀಟಿ ಎರಡನೆಯವರಿಗೆ ಬಿತ್ತು ಅಂದುಕೊಳ್ಳಿ. ಹಾಗಾದರೆ 2026ರಲ್ಲಿ ಒಂದನೆಯವರು ಬರಲೇಬೇಕು, ಅವರ ಜೊತೆ ಮೂರು ಮತ್ತು ನಾಲ್ಕರಲ್ಲಿ ಒಬ್ಬರು. ಹಳೇ ವಾರ್ಷಿಕ ವರದಿಗಳು ಮನೆಯಲ್ಲಿದ್ದರೆ ಹತ್ತು ನಿಮಿಷದಲ್ಲಿ ಈ ಪಟ್ಟಿ ನೀವೇ ಮಾಡಬಹುದು. ಯಾರದೋ ಹೆಸರು ನಾಲ್ಕೈದು ವರ್ಷ ನೋಟಿಸಿನಲ್ಲಿ ಕಾಣಿಸಲೇ ಇಲ್ಲ, ಅವರು ಕಾಯಂ ಡೈರೆಕ್ಟರೂ ಅಲ್ಲ, ಸ್ವತಂತ್ರರೂ ಅಲ್ಲ ಅಂದರೆ ಸರದಿ ತಪ್ಪಿದೆ ಅಂತಲೇ ಅರ್ಥ. ಆಗ ಕಂಪನಿ ಸೆಕ್ರೆಟರಿಗೆ ಒಂದು ಪತ್ರ ಬರೆದು ಕೇಳಿ.

ಮೂರನೇ ಒಂದು ಭಾಗ ಯಾಕೆ, ಎಲ್ಲರನ್ನೂ ಒಟ್ಟಿಗೇ ಕೇಳಬಾರದಾ? ಕೇಳಬಹುದು. ಎಲ್ಲರೂ ಪ್ರತಿ ವರ್ಷ ನಿವೃತ್ತರಾಗಬೇಕು ಅಂತ ಆರ್ಟಿಕಲ್ಸ್‌ನಲ್ಲಿ ಬರೆದುಕೊಳ್ಳಲು ಕಾಯ್ದೆ ಬಿಡುತ್ತದೆ. ಆದರೆ ಒಂದೇ ದಿನ ಇಡೀ ಬೋರ್ಡ್ ಖಾಲಿಯಾದರೆ ಬ್ಯಾಂಕ್ ಸಾಲ, ನಡೆಯುತ್ತಿರುವ ಕೇಸು, ಅರ್ಧಕ್ಕೆ ನಿಂತ ಒಪ್ಪಂದ ಗೊತ್ತಿದ್ದವರು ಯಾರೂ ಉಳಿಯುವುದಿಲ್ಲ. ಆ ಭಯ ಸುಳ್ಳಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ.

ಈಗ ನಿಮ್ಮ ಕೊನೇ ಪ್ರಶ್ನೆ, ಬೇಡ ಅಂದರೆ ಏನಾಗುತ್ತದೆ. ಮರುನೇಮಕಕ್ಕೆ ಬೇಕಾದದ್ದು ಸಾಮಾನ್ಯ ನಿರ್ಣಯ. ಹಾಕಿದ ಮತಗಳಲ್ಲಿ ಪರವಾಗಿ ಬಿದ್ದದ್ದು ವಿರುದ್ಧ ಬಿದ್ದದ್ದಕ್ಕಿಂತ ಜಾಸ್ತಿ ಇರಬೇಕು. ಮತ ಹಾಕದೇ ಕೂತವರು ಯಾವ ಲೆಕ್ಕಕ್ಕೂ ಬರುವುದಿಲ್ಲ. ನಿವೃತ್ತರಾಗುವವರು ಷೇರುದಾರರೂ ಆಗಿದ್ದರೆ ತಮ್ಮದೇ ಮರುನೇಮಕಕ್ಕೆ ಮತ ಹಾಕಬಹುದು, ಅದು ತಪ್ಪಲ್ಲ. ಕೈ ಎತ್ತುವ ಮತದಾನದಲ್ಲಿ ಬಂದಿರುವ ಒಬ್ಬೊಬ್ಬ ಸದಸ್ಯರಿಗೆ ಒಂದೊಂದೇ ಮತ, ಸದಸ್ಯರು ತಮ್ಮ ಬದಲಿಗೆ ಕಳಿಸಿದ ಪ್ರಾಕ್ಸಿಗೆ ಇಲ್ಲ. ಹಾಗಾಗಿ ಸಭೆಗೆ ಹತ್ತು ಜನ ಪರಿಚಯದವರನ್ನು ಕರೆತಂದರೆ ಗೆಲ್ಲಬಹುದು ಅನ್ನಿಸುತ್ತದೆ. ಆದರೆ ಶೇಕಡಾ 10 ಮತಬಲ ಅಥವಾ 5 ಲಕ್ಷ ರೂಪಾಯಿ ಪಾವತಿಯಾದ ಷೇರು ಇರುವವರು ಪೋಲ್ ಕೇಳಬಹುದು. ಆಗ ಷೇರಿಗೆ ಒಂದರಂತೆ ಮತ ಎಣಿಸುತ್ತಾರೆ, ಪ್ರಾಕ್ಸಿಯೂ ಮತ ಹಾಕುತ್ತಾರೆ. ಪ್ರವರ್ತಕರ ಬಳಿ ಅರ್ಧಕ್ಕಿಂತ ಜಾಸ್ತಿ ಷೇರು ಇದ್ದರೆ ಪೋಲ್‌ನಲ್ಲಿ ಅವರೇ ಗೆಲ್ಲುತ್ತಾರೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸರದಿ ನಿವೃತ್ತಿ ಅಲ್ಪಮತದವರ ಕೈಗೆ ಬಹುಮತ ಕೊಡುವುದಿಲ್ಲ. ಬಹುಮತ ಯಾರದು ಅಂತ ವರ್ಷಕ್ಕೊಮ್ಮೆ ತೋರಿಸುವಂತೆ ಮಾಡುತ್ತದೆ. ಮೂರು ತಲೆಮಾರಿಗೆ ಹಂಚಿಹೋದ ಕುಟುಂಬದ ಕಂಪನಿಗಳಲ್ಲಿ ಆ ಬಹುಮತ ಬೋರ್ಡಿನವರು ಅಂದುಕೊಂಡಷ್ಟು ಗಟ್ಟಿಯಾಗಿ ಇರುವುದಿಲ್ಲ. ನಿಮ್ಮ ಕಂಪನಿಯಲ್ಲಿ 1,000ಕ್ಕಿಂತ ಕಡಿಮೆ ಇಲ್ಲದಷ್ಟು ಸದಸ್ಯರಿದ್ದರೆ ಲಿಸ್ಟ್ ಆಗದಿದ್ದರೂ ಇ-ವೋಟಿಂಗ್ ಸೌಲಭ್ಯ ಕೊಡಬೇಕು. ಆಗ ಊರಾಚೆ ಇರುವವರೂ ಮತ ಹಾಕುತ್ತಾರೆ, ಕೈ ಎತ್ತುವ ಪದ್ಧತಿ ಇರುವುದಿಲ್ಲ.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಸಮಾಧಾನ ಇರುವ ಷೇರುದಾರರು ಎಷ್ಟೋ ಸಲ ನಿರ್ಣಯಕ್ಕೆ ಬೆಂಬಲ ಕೊಡದೇ ಸುಮ್ಮನೆ ಕೂರುತ್ತಾರೆ. ಅಥವಾ ಗಲಾಟೆ ಮಾಡಿ ಆ ವಿಷಯ ಮತಕ್ಕೇ ಬರದಂತೆ ಮಾಡಿ ಗೆದ್ದೆವು ಅಂದುಕೊಂಡು ಎದ್ದು ಹೋಗುತ್ತಾರೆ. ಅದರಿಂದ ಆಗುವುದು ಉಲ್ಟಾ. ಖಾಲಿಯಾದ ಜಾಗವನ್ನು ತುಂಬಲೂ ಇಲ್ಲ, ತುಂಬುವುದು ಬೇಡ ಅಂತ ಸ್ಪಷ್ಟವಾಗಿ ನಿರ್ಣಯಿಸಲೂ ಇಲ್ಲ ಅಂದರೆ ಸಭೆ ತಾನಾಗಿಯೇ ಮುಂದಿನ ವಾರದ ಅದೇ ದಿನ, ಅದೇ ಹೊತ್ತು, ಅದೇ ಜಾಗಕ್ಕೆ ಮುಂದೂಡಲ್ಪಡುತ್ತದೆ. ಆ ದಿನ ರಾಷ್ಟ್ರೀಯ ರಜೆ ಆದರೆ ರಜೆಯಲ್ಲದ ಮುಂದಿನ ದಿನಕ್ಕೆ. ಉದಾಹರಣೆಗೆ ನಿಮ್ಮ ಎಜಿಎಂ 2026ರ ಸೆಪ್ಟೆಂಬರ್ 25, ಶುಕ್ರವಾರ ಬೆಳಿಗ್ಗೆ 11ಕ್ಕೆ ಇದೆ ಅಂದುಕೊಳ್ಳಿ. ಮುಂದಿನ ಶುಕ್ರವಾರ ಅಕ್ಟೋಬರ್ 2, ಗಾಂಧಿ ಜಯಂತಿ. ಹಾಗಾಗಿ ಶನಿವಾರ ಅಕ್ಟೋಬರ್ 3ರ ಬೆಳಿಗ್ಗೆ 11ಕ್ಕೆ ಮತ್ತೆ ಸೇರಬೇಕು. ಹಿಂದಿನ ವಾರ ಎದ್ದು ಹೋದವರು ಅವತ್ತು ಬರುವುದಿಲ್ಲ. ಅಂದೂ ಏನೂ ತೀರ್ಮಾನ ಆಗದಿದ್ದರೆ ನಿವೃತ್ತರಾದವರು ಮರುನೇಮಕ ಆದರು ಅಂತಲೇ ಕಾಯ್ದೆ ಎಣಿಸುತ್ತದೆ. ಒಂದು ಮತವೂ ಬೀಳದೇ ಅವರು ಮತ್ತೆ ಡೈರೆಕ್ಟರ್.

ಈ ತಾನಾಗಿ ಆಗುವ ಮರುನೇಮಕಕ್ಕೆ ತಡೆಗಳೂ ಇವೆ. ಮೊದಲನೆಯದೇ ನಿಮಗೆ ಬೇಕಾದದ್ದು: ಮರುನೇಮಕದ ನಿರ್ಣಯ ಆ ಸಭೆಯಲ್ಲೋ ಹಿಂದಿನ ಸಭೆಯಲ್ಲೋ ಮತಕ್ಕೆ ಬಂದು ಸೋತಿದ್ದರೆ ಈ ಎಣಿಕೆ ನಡೆಯುವುದಿಲ್ಲ. ಅಂದರೆ ನಿರ್ಣಯ ಮತಕ್ಕೆ ಬರಬೇಕು, ಬಿದ್ದು ಸೋಲಬೇಕು. ಮೌನ ಅವರ ಪರ, ವಿರುದ್ಧ ಮತ ಮಾತ್ರ ನಿಮ್ಮ ಪರ. ಅವರೇ ಬರೆದುಕೊಟ್ಟು ನನಗೆ ಬೇಡ ಅಂದಿದ್ದರೆ, ಅನರ್ಹರಾಗಿದ್ದರೆ ಕೂಡ ಎಣಿಕೆ ಇಲ್ಲ. ಉದಾಹರಣೆಗೆ ಅವರು ಡೈರೆಕ್ಟರ್ ಆಗಿರುವ ಯಾವುದೋ ಕಂಪನಿ ಸತತ ಮೂರು ವರ್ಷ ಲೆಕ್ಕಪತ್ರ ಸಲ್ಲಿಸದೇ ಇದ್ದರೆ ಅವರು ಐದು ವರ್ಷ ಮರುನೇಮಕಕ್ಕೆ ಅರ್ಹರಲ್ಲ. ಇಬ್ಬರು ಡೈರೆಕ್ಟರುಗಳ ಮರುನೇಮಕವನ್ನು ಒಂದೇ ನಿರ್ಣಯದಲ್ಲಿ ಸೇರಿಸಿ ಮಂಡಿಸಿದ್ದರೂ ನಡೆಯುವುದಿಲ್ಲ. ಹಾಗೆ ಸೇರಿಸಬೇಕಾದರೆ, ಸೇರಿಸಬಹುದು ಅನ್ನುವ ಪ್ರಸ್ತಾವಕ್ಕೆ ಮೊದಲು ಸಭೆಯಲ್ಲಿ ಒಂದೂ ವಿರುದ್ಧ ಮತ ಬೀಳದೆ ಒಪ್ಪಿಗೆ ಸಿಗಬೇಕು. ನಿಮ್ಮ ನೋಟಿಸಿನಲ್ಲಿ ಇಬ್ಬರ ಹೆಸರು ಎರಡು ಬೇರೆ ಬೇರೆ ಐಟಂ ಆಗಿದೆಯಾ ನೋಡಿ. ಒಂದೇ ಐಟಂ ಆಗಿದ್ದರೆ ಸಭೆಯಲ್ಲಿ ಎದ್ದು ನಿಂತು ಬೇರೆ ಬೇರೆ ಮಾಡಿ ಅಂತ ಕೇಳಿ. ಒಬ್ಬರು ಬೇಕು, ಒಬ್ಬರು ಬೇಡ ಅನ್ನುವ ಷೇರುದಾರರಿಗೆ ಇದು ಬಹಳ ಮುಖ್ಯ.

ನಿರ್ಣಯ ಸೋತ ಮೇಲೆ, ಈ ಜಾಗ ತುಂಬುವುದು ಬೇಡ ಅನ್ನುವ ಇನ್ನೊಂದು ನಿರ್ಣಯವನ್ನೂ ಅದೇ ಸಭೆಯಲ್ಲಿ ಮಾಡಿಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಸಭೆ ಮುಂದಕ್ಕೆ ಹೋಯಿತೋ ಇಲ್ಲವೋ ಅನ್ನುವ ಜಗಳ ಉಳಿದುಬಿಡುತ್ತದೆ.

ಸೋತವರನ್ನು ಹಿಂಬಾಗಿಲಿಂದ ತರಲು ಆಗುತ್ತದಾ ಅಂತ ನೀವು ಮುಂದೆ ಕೇಳಬಹುದು. ಮರುದಿನವೇ ಬೋರ್ಡ್ ಸಭೆ ಸೇರಿ ಅವರನ್ನು ಹೆಚ್ಚುವರಿ ಡೈರೆಕ್ಟರ್ ಮಾಡಿಕೊಂಡರೆ? ಹಳೇ ಕಾಯ್ದೆಯಲ್ಲಿ ಇದು ದೊಡ್ಡ ತೂತಾಗಿತ್ತು. 2013ರ ಕಾಯ್ದೆ ಅದನ್ನು ಮುಚ್ಚಿದೆ. ಷೇರುದಾರರ ಸಭೆಯಲ್ಲಿ ನೇಮಕ ಸಿಗದೇ ಹೋದವರನ್ನು ಬೋರ್ಡ್ ಹೆಚ್ಚುವರಿ ಡೈರೆಕ್ಟರ್ ಮಾಡುವ ಹಾಗಿಲ್ಲ. ಎಜಿಎಂನೇ ನಡೆಸದೇ ಮುಂದೂಡುತ್ತಾ ಹೋದರೆ? ಇದಕ್ಕೆ ಉತ್ತರ ನೂರು ವರ್ಷಕ್ಕೂ ಹಳೆಯದು. ಇಂಗ್ಲೆಂಡಿನ ಕೋರ್ಟ್ 1914ರಲ್ಲಿ ಕನ್ಸಾಲಿಡೇಟೆಡ್ ನಿಕಲ್ ಮೈನ್ಸ್ ಅನ್ನುವ ಕಂಪನಿಯ ಪ್ರಕರಣದಲ್ಲಿ, ಸಭೆ ಕರೆಯಬೇಕಾದವರೇ ಕರೆಯದೇ ಕೂತು ತಮ್ಮ ಅವಧಿ ಉದ್ದ ಮಾಡಿಕೊಳ್ಳಲಾಗದು ಅಂತ ಹೇಳಿತು. ಸಭೆ ನಡೆಯಬೇಕಿದ್ದ ಕೊನೇ ದಿನಕ್ಕೆ ಅವರ ಅವಧಿ ಮುಗಿಯುತ್ತದೆ. ನಮ್ಮ ಹೈಕೋರ್ಟುಗಳೂ ಅದೇ ನಿಲುವು ತಳೆದಿವೆ. ಹಾಗಾಗಿ ಸೆಪ್ಟೆಂಬರ್ 30 ದಾಟಿದರೂ ನಿಮ್ಮ ಕಂಪನಿ ಎಜಿಎಂ ಮಾಡಿಲ್ಲ, ರಿಜಿಸ್ಟ್ರಾರ್ ಅವರಿಂದ ಅವಧಿ ವಿಸ್ತರಣೆಯನ್ನೂ ಪಡೆದಿಲ್ಲ ಅಂದರೆ, ಆ ವರ್ಷ ಸರದಿಯಲ್ಲಿದ್ದ ಇಬ್ಬರು ಮುಂದೆ ಸಹಿ ಹಾಕುವ ಕಾಗದಗಳ ಬಗ್ಗೆ ಪ್ರಶ್ನೆ ಏಳುತ್ತದೆ. ಬ್ಯಾಂಕಿನವರು ಇದನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಎಂಡಿ ವಿಷಯ ಒಂದು ಮಾತು. ಎಂಡಿ ಆಗಿರಬೇಕಾದರೆ ಡೈರೆಕ್ಟರ್ ಆಗಿರಲೇಬೇಕು. ಎಂಡಿಯಾಗಿ ಐದು ವರ್ಷದ ಒಪ್ಪಂದ ಇದ್ದರೂ, ಅವರು ಸರದಿಗೆ ಒಳಪಟ್ಟಿದ್ದು ಮಧ್ಯದಲ್ಲಿ ಮರುನೇಮಕ ಸಿಗದಿದ್ದರೆ ಡೈರೆಕ್ಟರ್ ಕುರ್ಚಿ ಜೊತೆಗೆ ಎಂಡಿ ಕುರ್ಚಿಯೂ ಹೋಗುತ್ತದೆ. ನೌಕರರಾಗಿ, ಸಿಇಒ ಆಗಿ ಉಳಿಯುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಇಷ್ಟೆಲ್ಲ ನಿಯಮ ಪಬ್ಲಿಕ್ ಕಂಪನಿಗೆ. ಪ್ರೈವೇಟ್ ಲಿಮಿಟೆಡ್‌ಗೆ ಸರದಿ ನಿವೃತ್ತಿ ಕಡ್ಡಾಯವಲ್ಲ, ಅವರ ಆರ್ಟಿಕಲ್ಸ್‌ನಲ್ಲಿ ಇದ್ದರೆ ಮಾತ್ರ. ಲಿಸ್ಟ್ ಆದ ಕಂಪನಿಗಳಿಗೆ ಸೆಬಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2024ರ ಏಪ್ರಿಲ್‌ನಿಂದ, ಸರದಿಯಿಂದ ಹೊರಗಿರುವ ಕಾಯಂ ಡೈರೆಕ್ಟರುಗಳು ಕೂಡ ಐದು ವರ್ಷಕ್ಕೊಮ್ಮೆಯಾದರೂ ಷೇರುದಾರರ ಒಪ್ಪಿಗೆ ಪಡೆಯಬೇಕು. ನಿಮ್ಮದು ಲಿಸ್ಟ್ ಆಗದ ಕಂಪನಿ, ಆ ಇಬ್ಬರು ಕಾಯಂನವರಿಗೆ ಇದು ತಟ್ಟುವುದಿಲ್ಲ. ತಟ್ಟಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಕೊನೆಯದಾಗಿ, ಹಳಬರು ಬೇಡ ಅನ್ನುವುದಷ್ಟೇ ಅಲ್ಲದೆ ಆ ಜಾಗಕ್ಕೆ ಬೇರೆಯವರು ಬರಲಿ ಅಂತ ನಿಮಗಿದ್ದರೆ ಅದಕ್ಕೂ ದಾರಿಯಿದೆ. ಸಭೆಗೆ ಕನಿಷ್ಠ 14 ದಿನ ಮೊದಲು ಆ ಉಮೇದುವಾರರೇ ಅಥವಾ ಅವರ ಹೆಸರು ಸೂಚಿಸುವ ಒಬ್ಬ ಸದಸ್ಯರು, ಅಂದರೆ ನೀವೂ ಆಗಬಹುದು, ಇಂಥವರು ಉಮೇದುವಾರರು ಅಂತ ಕಂಪನಿಯ ನೋಂದಾಯಿತ ಕಚೇರಿಗೆ ಬರೆದುಕೊಡಬೇಕು. ಜೊತೆಗೆ 1 ಲಕ್ಷ ರೂಪಾಯಿ ಠೇವಣಿ ಕಟ್ಟಬೇಕು. ಕಂಪನಿ ಅದನ್ನು ಸಭೆಗೆ ಕನಿಷ್ಠ ಏಳು ದಿನ ಮೊದಲು ಎಲ್ಲ ಸದಸ್ಯರಿಗೂ ತಿಳಿಸಬೇಕು. ಉಮೇದುವಾರರು ಗೆದ್ದರೆ ಠೇವಣಿ ವಾಪಸ್. ಸೋತರೂ ಬಿದ್ದ ಸಿಂಧುಮತಗಳಲ್ಲಿ ಶೇಕಡಾ 25ಕ್ಕಿಂತ ಜಾಸ್ತಿ ಸಿಕ್ಕಿದ್ದರೆ ವಾಪಸ್. ಎಜಿಎಂ ನೋಟಿಸ್ ಸಾಮಾನ್ಯವಾಗಿ 21 ದಿನ ಮೊದಲು ಬರುತ್ತದೆ, ಅಂದರೆ ನೋಟಿಸ್ ಕೈಗೆ ಬಂದ ಮೇಲೆ ನಿಮಗೆ ಸಿಗುವುದು ಒಂದೇ ವಾರ. ಅಂಚೆ ತಡವಾದರೆ ಅದೂ ಇಲ್ಲ. ಹಾಗಾಗಿ ಮೇಲೆ ಹೇಳಿದ ಸರದಿಯ ಪಟ್ಟಿಯನ್ನು ಜುಲೈನಲ್ಲೇ ಮಾಡಿಕೊಳ್ಳಿ, ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ.